ತೀರ್ಪುಗಾರರ ಕುರ್ಚಿ ಎಲ್ಲಿರಬೇಕು?

ಕಾಲೇಜು ಮೈದಾನದಲ್ಲಿ ಬೀದಿ ನಾಟಕ ಸ್ಪರ್ಧೆ. ಸುತ್ತ ಜನ ನೆರೆದಿದ್ದಾರೆ. ಒಂದು ಕಡೆ ಮಾತ್ರ ಬಟ್ಟೆ ಹೊದಿಸಿದ ಮೇಜು, ಮೂರು ಕುರ್ಚಿ, ಅಂಕಪಟ್ಟಿ. ತಮಟೆ ಬಡಿಯುತ್ತಿದ್ದಂತೆ ಹತ್ತು ಮಂದಿ ಕಲಾವಿದರು ಒಳಗೆ ನುಗ್ಗುತ್ತಾರೆ, ನುಗ್ಗಿದವರೇ ಮೇಜಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಉಳಿದ ಮೂರು ದಿಕ್ಕಿನ ಜನರಿಗೆ ಕಾಣುವುದು ಬೆನ್ನು ಮಾತ್ರ. ನಾಟಕ ಶುರುವಾಗುವ ಮೊದಲೇ ಕುರ್ಚಿ ಅದನ್ನು ಕೆಡಿಸಿಬಿಟ್ಟಿರುತ್ತದೆ.

ಆದ್ದರಿಂದ ಅನುಭವಿ ತೀರ್ಪುಗಾರರು ಕೂರುವುದಿಲ್ಲ. ಗುಂಪಿನ ಹಿಂದೆ, ಮಾತು ಕೇಳಿಸುವುದೋ ಇಲ್ಲವೋ ಎಂಬಷ್ಟು ದೂರದಲ್ಲಿ ನಿಲ್ಲುತ್ತಾರೆ, ನಡುನಡುವೆ ಜಾಗ ಬದಲಿಸುತ್ತಾರೆ. ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕು ಕಾಲಂ: ಕಥೆ, ಅಭಿನಯ, ರಂಗತಂತ್ರ, ಸಂದೇಶದ ಸ್ಪಷ್ಟತೆ. ಈ ನಾಲ್ಕನ್ನೂ ಅಳೆದು ನೋಡಲು ಒಳ್ಳೆಯ ಮಾದರಿಯೊಂದಿದೆ.

ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ ‘ಮಶೀನ್’ ಕೇವಲ 13 ನಿಮಿಷದ ನಾಟಕ. ಸಫ್ದರ್ ಹಾಶ್ಮಿ ಮತ್ತು ರಾಕೇಶ್ ಸಕ್ಸೇನಾ ಬರೆದದ್ದು. ಗಾಜಿಯಾಬಾದ್ ಬಳಿಯ ಕಾರ್ಖಾನೆಯೊಂದರ ಕಾರ್ಮಿಕರು ಸೈಕಲ್ ನಿಲ್ಲಿಸಲು ಜಾಗ, ಚಹಾ ಕುಡಿಯಲು ಕ್ಯಾಂಟೀನ್ ಬೇಕೆಂದು ಕೇಳಿದರು. ಕೊನೆಗೆ ಅವರ ಮೇಲೆ ಗುಂಡು ಹಾರಿತು, ಕಾರ್ಮಿಕರು ಸತ್ತರು. ಇಷ್ಟೇ ಕಥಾವಸ್ತು.

ಕಥೆಯ ಅಂಕ ಕೊಡುವಾಗ ಇದನ್ನು ಗಮನಿಸಬೇಕು. ನಾಟಕಕಾರರು ಬಂಡವಾಳಶಾಹಿಯ ಇತಿಹಾಸ ಹೇಳಲು ಹೋಗಲಿಲ್ಲ, ಸೈಕಲ್ ಸ್ಟ್ಯಾಂಡ್ ಹಿಡಿದುಕೊಂಡರು. ಬೇಡಿಕೆ ಎಷ್ಟು ಚಿಕ್ಕದೋ ನಿರಾಕರಣೆ ಅಷ್ಟು ಕ್ರೂರವಾಗಿ ಕಾಣುತ್ತದೆ. ಸ್ಪರ್ಧೆಗಳಲ್ಲಿ ಸೋಲುವ ನಾಟಕಗಳು ಬಹುಪಾಲು ಇದಕ್ಕೆ ತದ್ವಿರುದ್ಧ. ವರದಕ್ಷಿಣೆ, ಭ್ರಷ್ಟಾಚಾರ, ಮೊಬೈಲ್ ಗೀಳು, ಪರಿಸರ ನಾಶ, ಎಲ್ಲವನ್ನೂ ಇಪ್ಪತ್ತು ನಿಮಿಷಕ್ಕೆ ತುರುಕಿರುತ್ತಾರೆ. ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತವರು ಯಾರು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಲು ಆಗದಿದ್ದರೆ ಆ ಕಾಲಂನಲ್ಲಿ ಹೆಚ್ಚು ಅಂಕ ಬೀಳುವುದಿಲ್ಲ.

ರಂಗತಂತ್ರ ಎಂದರೆ ಬೀದಿಯಲ್ಲಿ ಪರದೆಯೂ ಅಲ್ಲ, ದೀಪವೂ ಅಲ್ಲ. ‘ಮಶೀನ್’ನಲ್ಲಿ ಕಲಾವಿದರ ಮೈಗಳೇ ಒಂದಕ್ಕೊಂದು ಹೊಂದಿಕೊಂಡು ಯಂತ್ರವಾಗುತ್ತವೆ, ಬಾಯಿಂದಲೇ ಅದರ ಸದ್ದು. ಓಡುತ್ತಿದ್ದ ಯಂತ್ರ ಥಟ್ಟನೆ ನಿಂತಾಗ ಅದರ ಭಾಗಗಳೇ ಕಾರ್ಮಿಕ, ಮಾಲೀಕ, ಕಾವಲುಗಾರ ಆಗಿ ಹೊರಬರುತ್ತವೆ. ಯಂತ್ರ ಎಲ್ಲ ದಿಕ್ಕಿಗೂ ಕಾಣುತ್ತದೆ, ಸಾಮಾನು ಹೊರುವ ಗೋಜಿಲ್ಲ. ಮುಖ್ಯವಾಗಿ, ಕಾರ್ಖಾನೆ ನಡೆಯುವುದು ಯಾರಿಂದ ಎಂಬುದನ್ನು ಮಾತಿಲ್ಲದೆ ತೋರಿಸುತ್ತದೆ. ಮೈಗಳಿಂದ ಪಿರಮಿಡ್ ಕಟ್ಟುವ ತಂಡಗಳಿಗೆ ಚಪ್ಪಾಳೆ ಸುಲಭವಾಗಿ ಸಿಗುತ್ತದೆ. ಆ ಪಿರಮಿಡ್ಡನ್ನು ತೆಗೆದುಹಾಕಿದರೆ ಕಥೆಗೆ ಏನಾದರೂ ನಷ್ಟವಾಗುತ್ತದೆಯೇ ಎಂದು ತೀರ್ಪುಗಾರರು ಕೇಳಿಕೊಳ್ಳಬೇಕು. ಆಗದಿದ್ದರೆ ಅದು ಬರೀ ಕಸರತ್ತು.

ಅಭಿನಯದ ಕಾಲಂನಲ್ಲಿ ಹೆಚ್ಚು ಮೋಸ ಹೋಗುವುದು ದನಿಯ ವಿಷಯದಲ್ಲಿ. ಕಿರುಚುವುದನ್ನು ಗಟ್ಟಿ ದನಿ ಎಂದುಕೊಳ್ಳುತ್ತಾರೆ. ಗಂಟಲಿನಿಂದ ಕಿರುಚಿದವರ ದನಿ ಐದೇ ನಿಮಿಷಕ್ಕೆ ಒಡೆಯುತ್ತದೆ, ಪದದ ಕೊನೆಯ ಅಕ್ಷರ ನುಂಗಿಹೋಗುತ್ತದೆ. ಹೊಟ್ಟೆಯಿಂದ ಉಸಿರು ತೆಗೆದು ಬಿಡಿಸಿ ಆಡಿದ ಮಾತು ಹಿಂದಿನ ಸಾಲಿಗೂ ಮುಟ್ಟುತ್ತದೆ. ಮಾತು ಇಲ್ಲದ ಕಲಾವಿದರನ್ನೂ ನೋಡಬೇಕು. ವೃತ್ತದ ಅಂಚಿನಲ್ಲಿ ಕೂತವರು ಬೇರೆಲ್ಲೋ ಕಣ್ಣಾಡಿಸುತ್ತಿದ್ದರೆ ಪ್ರೇಕ್ಷಕರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅಡ್ಡ ಬಂದ ನಾಯಿ, ಆಟೊ ಹಾರ್ನ್‌ಗಳನ್ನು ಪಾತ್ರ ಬಿಡದೆ ನಿಭಾಯಿಸಿದವರಿಗೆ ಅಂಕ ಸಲ್ಲಬೇಕು.

ಇನ್ನು ಸಂದೇಶ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯಾಕಾಂಡವನ್ನು ಸಮುದಾಯ ತಂಡ ಸಿ.ಜಿ. ಕೃಷ್ಣಸ್ವಾಮಿ ಅವರ ನಿರ್ದೇಶನದಲ್ಲಿ ‘ಬೆಲ್ಚಿ’ಯಾಗಿ ಕರ್ನಾಟಕದ ಬೀದಿಗಳಿಗೆ ತಂದಿತು. ಬೆಲ್ಚಿ ಎಲ್ಲಿದೆ ಎಂದೇ ಗೊತ್ತಿಲ್ಲದ ಪ್ರೇಕ್ಷಕನಿಗೆ ತನ್ನೂರಿನ ಜಮೀನು, ಜಾತಿಯ ಲೆಕ್ಕ ಅದರಲ್ಲಿ ಕಾಣಬೇಕಿತ್ತು. ಸ್ಪಷ್ಟತೆ ಎಂದರೆ ಇದು. ಕೊನೆಯ ಮೂರು ನಿಮಿಷ ಸಾಲಾಗಿ ನಿಂತು ಘೋಷಣೆ ಕೂಗುವುದಲ್ಲ. ಕಸ ವಿಂಗಡಣೆಯ ನಾಟಕ ‘ಸ್ವಚ್ಛವಾಗಿರೋಣ’ ಎಂದು ಮುಗಿದರೆ ಕೇಳಿದವರಿಗೆ ಹೊಸದೇನೂ ಸಿಗಲಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಪೌರಕಾರ್ಮಿಕಳ ಬೆರಳಿಗೆ ಗಾಜು ಚುಚ್ಚುತ್ತದೆ ಎಂಬುದನ್ನು ದೃಶ್ಯವಾಗಿ ಕಂಡವರು ಮನೆಗೆ ಏನನ್ನೋ ಒಯ್ಯುತ್ತಾರೆ.

ಈ ಕಾಲಂ ತುಂಬುವ ಮೊದಲು ಕೆಲವರು ಒಂದು ಕೆಲಸ ಮಾಡುತ್ತಾರೆ. ಗುಂಪು ಚದುರುವಾಗ ಪಕ್ಕದಲ್ಲಿ ನಿಂತಿದ್ದ ಕಡಲೆಕಾಯಿ ಮಾರುವವರನ್ನೋ ಸೆಕ್ಯುರಿಟಿಯವರನ್ನೋ ‘ಏನಾಯ್ತಣ್ಣ ಇದರಲ್ಲಿ?’ ಎಂದು ಕೇಳುತ್ತಾರೆ. ಅವರು ಕಥೆ ಹೇಳಿದರೆ ಒಂದು ಅಂಕ, ‘ಏನೋ ಕೂಗಾಡಿದ್ರು ಸಾರ್’ ಎಂದರೆ ಇನ್ನೊಂದು.