ಮಾನಿಟರ್‌ನಲ್ಲಿ ತಡ ಬೇರೆ, ನೆರಳು ಬೇರೆ: ಓವರ್‌ಡ್ರೈವ್ ಎಷ್ಟಿಡಬೇಕು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಓದಿಕೊಳ್ಳೋರಿಗೆ, ಇವತ್ತಿನ ಮಾತು ಇಲ್ಲಿ ಬರವಣಿಗೆಯಲ್ಲಿದೆ.

ಹೊಸ ಮಾನಿಟರ್ ತಂದವರು ನನಗೆ ಹೇಳೋ ದೂರು ಹೆಚ್ಚಾಗಿ ಒಂದೇ: "ಸ್ಕ್ರೀನ್ ಯಾಕೋ ಸ್ಲೋ ಇದೆ." ಈ ಒಂದು ಮಾತಿನ ಒಳಗೆ ಎರಡು ಬೇರೆ ಬೇರೆ ಕಾಯಿಲೆ ಸೇರಿಕೊಂಡಿರುತ್ತೆ. ಒಂದು, ನೀವು ಮೌಸ್ ಅಲ್ಲಾಡಿಸಿದ್ದು ಸ್ಕ್ರೀನ್ ಮೇಲೆ ತಡವಾಗಿ ಕಾಣೋದು. ಇದು ಇನ್‌ಪುಟ್ ಲ್ಯಾಗ್. ಇನ್ನೊಂದು, ಚಿತ್ರ ಸಮಯಕ್ಕೇ ಬರುತ್ತೆ, ಆದರೆ ಚಲಿಸುವ ವಸ್ತುವಿನ ಹಿಂದೆ ಬಾಲದ ಥರ ನೆರಳು ಎಳೆಯುತ್ತೆ. ಇದು ಘೋಸ್ಟಿಂಗ್. ಮಾನಿಟರ್ ಮೆನುವಿನಲ್ಲಿರೋ ಓವರ್‌ಡ್ರೈವ್ ಅನ್ನೋ ಔಷಧಿ ಎರಡನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ಅದನ್ನ ಎಷ್ಟು ಏರಿಸಿದ್ರೂ ಪ್ರಯೋಜನ ಇಲ್ಲ. ಜಾಸ್ತಿ ಏರಿಸಿದ್ರೆ ಹೊಸದೊಂದು ತೊಂದರೆ ಬರುತ್ತೆ, ಅಷ್ಟೇ.

ಮೊದಲು ತಡದ ವಿಚಾರ

60 ಹರ್ಟ್ಸ್ ಅಂದ್ರೆ ಸೆಕೆಂಡಿಗೆ 60 ಚಿತ್ರ, ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಎಲ್‌ಸಿಡಿ ಪರದೆ ಇಡೀ ಚಿತ್ರವನ್ನ ಒಂದೇ ಏಟಿಗೆ ಹಾಕಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬರೀತಾ ಬರುತ್ತೆ. ಹಾಗಾಗಿ 60 ಹರ್ಟ್ಸ್‌ನಲ್ಲಿ ಪರದೆಯ ಮಧ್ಯಭಾಗ ಬದಲಾಗೋಕೆ ಸುಮಾರು 8 ಮಿಲಿಸೆಕೆಂಡ್ ಹಿಡಿಯುತ್ತೆ. ಇದು ಯಾರ ತಪ್ಪೂ ಅಲ್ಲ. ಆದರೆ ಮಾನಿಟರ್ ಒಳಗಿನ ಚಿಪ್ ಬಣ್ಣ ತಿದ್ದೋದು, ಚಿತ್ರ ಹಿಗ್ಗಿಸೋದು ಅಂತ ಒಂದೆರಡು ಚಿತ್ರಗಳನ್ನ ಹಿಡಿದಿಟ್ಟುಕೊಂಡರೆ ತಡ ಗೊತ್ತಾಗೋಕೆ ಶುರುವಾಗುತ್ತೆ. ಟಿವಿಯನ್ನ ಮಾನಿಟರ್ ಮಾಡಿಕೊಂಡವರಿಗೆ ಇದು ಜಾಸ್ತಿ ಕಾಡುತ್ತೆ. ಅಲ್ಲಿ ಮಾಡಬೇಕಾದ್ದು ಗೇಮ್ ಮೋಡ್ ಆನ್ ಮಾಡೋದು.

ಮಾನಿಟರ್ ನಿಜಕ್ಕೂ ತಡ ಮಾಡ್ತಿದೆಯಾ ಅಂತ ನೋಡೋಕೆ ಲ್ಯಾಪ್‌ಟಾಪ್ ಮತ್ತು ಫೋನ್ ಸಾಕು. ಎರಡೂ ಪರದೆಗಳನ್ನ 60 ಹರ್ಟ್ಸ್‌ಗೆ ಇಟ್ಟು ಡೂಪ್ಲಿಕೇಟ್ ಮಾಡಿ. ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಒಂದನ್ನ ಬ್ರೌಸರ್‌ನಲ್ಲಿ ಓಡಿಸಿ. ಎರಡೂ ಪರದೆಗಳನ್ನ ಅಕ್ಕಪಕ್ಕ ಇಟ್ಟು, ಸ್ಟಾಪ್‌ವಾಚ್ ಎರಡರಲ್ಲೂ ಒಂದೇ ಎತ್ತರದಲ್ಲಿರುವಂತೆ ಮಾಡಿ ಫೋನಿನ ಸ್ಲೋ ಮೋಷನ್‌ನಲ್ಲಿ ಸೆರೆಹಿಡಿಯಿರಿ. ವಿಡಿಯೋವನ್ನ ಹತ್ತು ಕಡೆ ನಿಲ್ಲಿಸಿ ಎರಡೂ ಸಂಖ್ಯೆ ನೋಡಿ. ಲ್ಯಾಪ್‌ಟಾಪ್ 5.420 ತೋರಿಸುವಾಗ ಮಾನಿಟರ್ 5.403 ತೋರಿಸಿದರೆ ಅದು ಒಂದು ಚಿತ್ರದಷ್ಟು ಹಿಂದಿದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲ 50 ಮಿಲಿಸೆಕೆಂಡ್ ಆಸುಪಾಸು ಹಿಂದೆ ಬಿದ್ದರೆ ಮಾತ್ರ ಮೆನುವಿನಲ್ಲಿ ಚಿತ್ರ ಸಂಸ್ಕರಣೆಯ ಆಯ್ಕೆಗಳನ್ನ ಒಂದೊಂದಾಗಿ ಆಫ್ ಮಾಡ್ತಾ ಹೋಗಿ. ಈ ಪರೀಕ್ಷೆ ಹೇಳೋದು ಲ್ಯಾಪ್‌ಟಾಪ್ ಪರದೆಗಿಂತ ಎಷ್ಟು ಹಿಂದೆ ಅಂತ ಮಾತ್ರ, ಅದು ನೆನಪಿರಲಿ.

ಇನ್ನೊಂದು ಮಾತು. ಕ್ಲೈಂಟ್‌ನ ರಿಮೋಟ್ ಡೆಸ್ಕ್‌ಟಾಪ್ ಒಳಗೆ ಮಾತ್ರ ಟೈಪ್ ಮಾಡಿದ್ದು ತಡವಾಗಿ ಬಂದು, ಹೊರಗೆ ನಿಮ್ಮದೇ ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿದ್ದರೆ ಅದು ನೆಟ್‌ವರ್ಕ್ ತಡ. ಅದಕ್ಕೆ ಹೊಸ ಮಾನಿಟರ್ ತಗೊಂಡರೆ ದುಡ್ಡು ದಂಡ.

ನೆರಳು ಎಲ್ಲಿಂದ ಬರುತ್ತೆ?

ಎಲ್‌ಸಿಡಿಯ ಪ್ರತಿ ಪಿಕ್ಸೆಲ್‌ನಲ್ಲೂ ದ್ರವ ಸ್ಫಟಿಕ ಇದೆ. ವೋಲ್ಟೇಜ್ ಬದಲಾದಾಗ ಅದು ತಿರುಗುತ್ತೆ, ತಿರುಗಿದಷ್ಟು ಬೆಳಕು ಬಿಡುತ್ತೆ. ಈ ತಿರುಗೋಕೆ ಹಿಡಿಯೋ ಸಮಯವೇ ಪಿಕ್ಸೆಲ್ ರೆಸ್ಪಾನ್ಸ್. ಮುಂದಿನ ಚಿತ್ರ ಬರುವಷ್ಟರಲ್ಲಿ ತಿರುಗಿ ಮುಗಿಯದಿದ್ದರೆ ಹಳೇ ಚಿತ್ರದ ಒಂದಿಷ್ಟು ಅಂಶ ಉಳಿದುಬಿಡುತ್ತೆ. ನಮಗೆ ಕಾಣೋ ಬಾಲ ಅದೇ.

ಇದನ್ನ ಚುರುಕು ಮಾಡೋ ಉಪಾಯವೇ ಓವರ್‌ಡ್ರೈವ್. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ವೋಲ್ಟೇಜ್‌ನ್ನ ಒಂದು ಕ್ಷಣ ಕೊಟ್ಟು ಸ್ಫಟಿಕವನ್ನ ತಳ್ಳೋದು. ಉಯ್ಯಾಲೆ ತಳ್ಳಿದ ಹಾಗೆ: ಹದವಾಗಿ ತಳ್ಳಿದರೆ ಬೇಗ ಜಾಗಕ್ಕೆ ಬರುತ್ತೆ, ಜೋರಾಗಿ ತಳ್ಳಿದರೆ ಜಾಗ ದಾಟಿ ಹೋಗುತ್ತೆ. ದಾಟಿ ಹೋದಾಗ ಬೂದು ಆಗಬೇಕಿದ್ದ ಪಿಕ್ಸೆಲ್ ಒಂದು ಕ್ಷಣ ಬೆಳ್ಳಗೆ ಮಿಂಚುತ್ತೆ. ಚಲಿಸುವ ಅಕ್ಷರದ ಹಿಂದೆ ಬಿಳಿ ಅಥವಾ ವಿಚಿತ್ರ ಬಣ್ಣದ ಅಂಚು ಕಂಡರೆ ಅದು ಇದೇ, ಉಲ್ಟಾ ನೆರಳು. ಮಾಮೂಲಿ ನೆರಳಿಗಿಂತ ಇದು ಕಣ್ಣಿಗೆ ಜಾಸ್ತಿ ಚುಚ್ಚುತ್ತೆ.

ಈಗ ಡಬ್ಬದ ಮೇಲಿನ "1 ಮಿಲಿಸೆಕೆಂಡ್" ನೋಡಿ. ಸಾಮಾನ್ಯವಾಗಿ ಅದು ಓವರ್‌ಡ್ರೈವ್ ತುದಿಯಲ್ಲಿಟ್ಟು, ಎಲ್ಲಕ್ಕಿಂತ ವೇಗವಾಗಿ ಆಗೋ ಒಂದು ಬಣ್ಣ ಬದಲಾವಣೆಯನ್ನ ಅಳೆದ ಸಂಖ್ಯೆ. ಆ ತುದಿಯ ಸೆಟ್ಟಿಂಗ್‌ನಲ್ಲಿ ಉಲ್ಟಾ ನೆರಳು ಎಷ್ಟಿದೆ ಅಂತ ಡಬ್ಬ ಹೇಳಲ್ಲ. ಕೆಲವು ಡಬ್ಬಗಳ ಮೇಲೆ `1ms MPRT` ಅಂತಿರುತ್ತೆ. ಅದು ಪಿಕ್ಸೆಲ್ ವೇಗವೇ ಅಲ್ಲ, ಬ್ಯಾಕ್‌ಲೈಟನ್ನ ಮಿಟುಕಿಸಿ ಮಸುಕು ಕಡಿಮೆ ಮಾಡೋ ಬೇರೆ ವಿದ್ಯೆ. ಅದನ್ನ ಆನ್ ಮಾಡಿದರೆ ಬೆಳಕು ಕಮ್ಮಿಯಾಗುತ್ತೆ, ದಿನವಿಡೀ ಕೋಡ್ ಓದೋರಿಗೆ ಕೆಲವರಿಗೆ ಕಣ್ಣು ನೋವೂ ಬರುತ್ತೆ.

ಒಂದು ನಿಜವಾದ ಉದಾಹರಣೆ

ಪುಣೆಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿರೋ ನಮ್ಮ ವೀಕ್ಷಕರೊಬ್ಬರು 27 ಇಂಚಿನ, 2560×1440 ರೆಸಲ್ಯೂಷನ್‌ನ, 165 ಹರ್ಟ್ಸ್‌ನ ವಿಎ ಪ್ಯಾನೆಲ್ ಮಾನಿಟರ್ ತಗೊಂಡರು. ಲಾಗ್ ಫೈಲ್ ಸ್ಕ್ರೋಲ್ ಮಾಡಿದರೆ ಅಕ್ಷರಗಳ ಸುತ್ತ ಬಿಳಿ ಅಂಚು, ಮೌಸ್ ಭಾರ, ಕಪ್ಪು ಥೀಮ್‌ನಲ್ಲಿ ಎಲ್ಲಾ ಕಲಸಿದ ಹಾಗೆ. "ವಾಪಸ್ ಕೊಡಲಾ ಸರ್?" ಅಂತ ಕೇಳಿದರು. ಓವರ್‌ಡ್ರೈವ್ ಆಗಲೇ ತುದಿಯಲ್ಲಿಟ್ಟಿದ್ದರು. ಮೂರೂ ಲಕ್ಷಣಕ್ಕೆ ಮೂರು ಬೇರೆ ಕಾರಣ ಸಿಕ್ಕವು.

ಮೊದಲು ಮೌಸ್ ಭಾರ. ವಿಂಡೋಸ್‌ನಲ್ಲಿ `Settings > System > Display > Advanced display` ತೆರೆದು ನೋಡಿದರೆ 60 ಹರ್ಟ್ಸ್ ಓಡ್ತಿತ್ತು. ಲಿನಕ್ಸ್‌ನಲ್ಲಿ ಎಕ್ಸ್11 ಬಳಸೋರು ಹೀಗೆ ನೋಡಬಹುದು, ನಕ್ಷತ್ರ ಇರೋ ಸಂಖ್ಯೆ ಈಗ ಓಡ್ತಿರೋದು:

```
xrandr | grep '\*'
```

ಪಟ್ಟಿಯಲ್ಲಿ ಅದಕ್ಕಿಂತ ಮೇಲಿನ ಆಯ್ಕೆಯೇ ಇರಲಿಲ್ಲ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಹಳೇ 1.4 ಆವೃತ್ತಿಯದ್ದು, ಈ ರೆಸಲ್ಯೂಷನ್‌ನಲ್ಲಿ 165 ಹರ್ಟ್ಸ್ ಅದರ ಕೈಲಾಗಲ್ಲ. ಆದರೆ ಅವರ ಯುಎಸ್‌ಬಿ-ಸಿ ಪೋರ್ಟ್ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಕೊಡ್ತಿತ್ತು. ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗೋ ಕೇಬಲ್ ಹಾಕಿದ ಮೇಲೆ 165 ಬಂತು. ಒಂದು ಚಿತ್ರದ ಅವಧಿ 16.7ರಿಂದ ಸುಮಾರು 6 ಮಿಲಿಸೆಕೆಂಡ್‌ಗೆ ಇಳಿಯಿತು, ಮೌಸ್ ಹಗುರ ಆಯ್ತು.

ಎರಡನೆಯದು ಬಿಳಿ ಅಂಚು. ಇಲ್ಲಿ ಒಂದು ಸೂಕ್ಷ್ಮ ಇದೆ. ತುದಿಯ ಓವರ್‌ಡ್ರೈವನ್ನ ತಯಾರಕರು ಸಾಮಾನ್ಯವಾಗಿ ಮಾನಿಟರ್‌ನ ಗರಿಷ್ಠ ಹರ್ಟ್ಸ್‌ಗೆ ಹೊಂದಿಸಿರ್ತಾರೆ. ಅದೇ ತಳ್ಳನ್ನ 60 ಹರ್ಟ್ಸ್‌ನಲ್ಲಿ ಕೊಟ್ಟರೆ, ಜಾಗ ದಾಟಿದ ಪಿಕ್ಸೆಲ್‌ನ್ನ ಮುಂದಿನ ಚಿತ್ರ ಬಂದು ಸರಿಪಡಿಸೋಕೆ 6ರ ಬದಲು 16.7 ಮಿಲಿಸೆಕೆಂಡ್ ಕಾಯಬೇಕು. ಅಷ್ಟು ಹೊತ್ತೂ ತಪ್ಪು ಬಣ್ಣ ಕಣ್ಣಿಗೆ ಬೀಳುತ್ತೆ. ಹಾಗಾಗಿ ಹರ್ಟ್ಸ್ ಸರಿ ಮಾಡದೆ ಓವರ್‌ಡ್ರೈವ್ ಮುಟ್ಟಬಾರದು.

ಹರ್ಟ್ಸ್ ಸರಿಯಾದ ಮೇಲೆ ಬ್ರೌಸರ್‌ನಲ್ಲಿ `testufo.com/ghosting` ತೆರೆಯಲು ಹೇಳಿದೆ. ಅಲ್ಲಿ ಹಾರುವ ತಟ್ಟೆ ಅಡ್ಡಲಾಗಿ ಓಡುತ್ತೆ. ಪರದೆಯ ಒಂದು ಕಡೆ ಕಣ್ಣು ನೆಟ್ಟು ನೋಡಬಾರದು, ತಟ್ಟೆಯ ಜೊತೆಗೇ ಕಣ್ಣು ಓಡಿಸಬೇಕು. ಓವರ್‌ಡ್ರೈವ್ ಆಫ್ ಇದ್ದಾಗ ಹಿಂದೆ ಉದ್ದ ಬಾಲ ಇತ್ತು. ಮಧ್ಯದ ಹಂತದಲ್ಲಿ ತೆಳುವಾದ ಚಿಕ್ಕ ಬಾಲ. ತುದಿಯಲ್ಲಿ ಬಾಲ ಹೋಗಿ ಬಿಳಿ ಅಂಚು ಬಂತು. ಮಧ್ಯದ ಹಂತವೇ ಉಳಿಸಿಕೊಂಡರು. ನಿಯಮ ಇಷ್ಟೇ: ಆಫ್‌ನಿಂದ ಒಂದೊಂದೇ ಹಂತ ಏರಿಸಿ, ಬಿಳಿ ಅಂಚು ಕಂಡ ಕೂಡಲೇ ಒಂದು ಹಂತ ಇಳಿಸಿ.

ಮೆನುವಿನಲ್ಲಿ ಇದರ ಹೆಸರು ಬೇರೆ ಬೇರೆ ಇರುತ್ತೆ. ಬಹಳಷ್ಟರಲ್ಲಿ `Response Time` ಅಥವಾ `Overdrive`, ಆಸುಸ್‌ನಲ್ಲಿ `Trace Free`, ಬೆನ್‌ಕ್ಯೂನಲ್ಲಿ `AMA`. ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಆದ ಮೇಲೆ ಪರೀಕ್ಷೆ ಮಾಡಿ. ಸ್ಫಟಿಕ ತಣ್ಣಗಿದ್ದಾಗ ನಿಧಾನ. ಜನವರಿಯ ದೆಹಲಿ ಬೆಳಿಗ್ಗೆ ಕಾಣೋ ಬಾಲ ಮಧ್ಯಾಹ್ನ ಅಷ್ಟು ಇರಲ್ಲ.

ಮೂರನೆಯದು ಕಪ್ಪು ಥೀಮ್‌ನ ಕಲಸಾಟ. ಇದು ಪೂರ್ತಿ ಹೋಗಲಿಲ್ಲ, ಹೋಗೋದೂ ಇಲ್ಲ. ವಿಎ ಪ್ಯಾನೆಲ್‌ನಲ್ಲಿ ಅಪ್ಪಟ ಕಪ್ಪಿನಿಂದ ಗಾಢ ಬೂದುಬಣ್ಣಕ್ಕೆ ಹೋಗೋದು ಎಲ್ಲಕ್ಕಿಂತ ನಿಧಾನ. ಓವರ್‌ಡ್ರೈವ್ ಅಲ್ಲಿ ಸ್ವಲ್ಪ ಮಾತ್ರ ಸಹಾಯ ಮಾಡುತ್ತೆ. ಆದರೆ ಎಡಿಟರ್‌ನ ಹಿನ್ನೆಲೆಯನ್ನ `#000000` ಬಿಟ್ಟು `#2B2B2B` ಮಾಡಿದಾಗ ಪಿಕ್ಸೆಲ್‌ಗಳು ಆ ನಿಧಾನದ ಜಾಗಕ್ಕೆ ಕಡಿಮೆ ಹೋಗ್ತವೆ, ಕಲಸಾಟ ಬಹಳಷ್ಟು ಇಳಿಯಿತು. ಮಾನಿಟರ್ ವಾಪಸ್ ಹೋಗಲಿಲ್ಲ. ಅಪ್ಪಟ ಕಪ್ಪೇ ಬೇಕು, ದಿನವಿಡೀ ಸ್ಕ್ರೋಲ್ ಮಾಡ್ತೀನಿ ಅನ್ನೋರು ಮೊದಲೇ ಐಪಿಎಸ್ ನೋಡೋದು ಒಳ್ಳೇದು. ಅದರ ಕಪ್ಪು ಅಷ್ಟು ಗಾಢ ಇರಲ್ಲ, ಆದರೆ ಈ ಎಳೆತ ಕಡಿಮೆ.

ಇನ್ನೂ ಮಸುಕು ಉಳಿದರೆ?

ಬಾಲ ಹಿಂದೆ ಮಾತ್ರ ಇದ್ದರೆ ಅದು ಪಿಕ್ಸೆಲ್‌ನ ನಿಧಾನ. ಮುಂದಿನ ಅಂಚು, ಹಿಂದಿನ ಅಂಚು ಎರಡೂ ಒಂದೇ ಥರ ಮಸುಕಾಗಿದ್ದರೆ ಅದು ಹರ್ಟ್ಸ್‌ನ ಮಿತಿ. ನಮ್ಮ ಕಣ್ಣು ಸರಾಗವಾಗಿ ಚಲಿಸುತ್ತೆ, ಚಿತ್ರ ಮಾತ್ರ ಒಂದೊಂದು ಹೆಜ್ಜೆ ನಿಂತು ಜಿಗಿಯುತ್ತೆ. ಸೆಕೆಂಡಿಗೆ 960 ಪಿಕ್ಸೆಲ್ ಓಡೋ ವಸ್ತು 60 ಹರ್ಟ್ಸ್‌ನಲ್ಲಿ ಪ್ರತಿ ಸಲ 16 ಪಿಕ್ಸೆಲ್ ಜಿಗಿಯುತ್ತೆ, ಹೆಚ್ಚುಕಮ್ಮಿ ಅಷ್ಟೇ ಅಗಲ ಮಸುಕು ಕಾಣುತ್ತೆ. ಪಿಕ್ಸೆಲ್ ಎಷ್ಟೇ ಚುರುಕಾಗಿದ್ದರೂ ಇದು ಹೋಗಲ್ಲ, ಹರ್ಟ್ಸ್ ಏರಿಸಿದರೆ ಅಥವಾ ಬ್ಯಾಕ್‌ಲೈಟ್ ಮಿಟುಕಿಸಿದರೆ ಮಾತ್ರ ಇಳಿಯುತ್ತೆ.

ಒಂದೇ ಮಾನಿಟರ್‌ಗೆ ಹಗಲು ಆಫೀಸ್ ಲ್ಯಾಪ್‌ಟಾಪ್ 60ರಲ್ಲಿ, ರಾತ್ರಿ ಸ್ವಂತ ಪಿಸಿ 165ರಲ್ಲಿ ಹಾಕೋರು ಎರಡಕ್ಕೂ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಕೊಳ್ಳಿ. ಸಾಮಾನ್ಯವಾಗಿ 60ಕ್ಕೆ ಒಂದು ಹಂತ ಕಡಿಮೆ ಬೇಕಾಗುತ್ತೆ. ಗೇಮ್ ಆಡುವಾಗ ಹರ್ಟ್ಸ್ ತಾನೇ ಏರಿಳಿಯೋ ವ್ಯವಸ್ಥೆ ಆನ್ ಇದ್ದರೂ ಅದೇ ಮಾತು: ಗೇಮ್ ಕೆಳಗಿಳಿಯೋ ಹರ್ಟ್ಸ್‌ನಲ್ಲಿ ಅಂಚು ಕಾಣದ ಹಂತವನ್ನೇ ಇಡಿ.

ಇಷ್ಟಕ್ಕೆಲ್ಲ ಸೇರಿ ಒಂದು ಗಂಟೆ ಸಾಕು. ಹರ್ಟ್ಸ್, ಆಮೇಲೆ ಸ್ಟಾಪ್‌ವಾಚ್, ಆಮೇಲೆ ಓವರ್‌ಡ್ರೈವ್, ಈ ಕ್ರಮದಲ್ಲೇ ಮಾಡಿ. ಆದರೆ ರಿಟರ್ನ್ ಅವಧಿ ಮುಗಿಯೋ ಮುಂಚೆ, ಡಬ್ಬ ರದ್ದಿಗೆ ಹಾಕೋ ಮುಂಚೆ ಮಾಡಿ. ಸಿಗೋಣ.