ಅಂಟಿನುಂಡಿಯ ಲೆಕ್ಕ

ಬೈಲಹೊಂಗಲದಿಂದ ಕಿತ್ತೂರಿನ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಆಕೆಯ ಮೊಮ್ಮಗಳು ಬಾಣಂತನಕ್ಕೆ ಬಂದು ಎರಡೂವರೆ ತಿಂಗಳಾಗಿತ್ತು. ಕೂಸಿಗೆ ಒಂದು ಕುಲಾಯಿ ಹಿಡಿದುಕೊಂಡು ನೋಡಲು ಹೋದವಳು ನಾನು. ಅರ್ಧ ಗಂಟೆಯೊಳಗೆ ಅಡುಗೆಮನೆಯ ನೆಲದ ಮೇಲೆ ಕೂತು ಉಂಡಿ ತೂಗುತ್ತಿದ್ದೆ.

ಆಗಿದ್ದು ಹೀಗೆ. ದೊಡ್ಡವ್ವ ಎರಡನೇ ಸಲದ ಅಂಟಿನುಂಡಿಗೆ ಅಂಟು ಹುರಿಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಮುಖ ತಿರುಗಿಸಿ ಮಲಗಿದ್ದಳು. "ಮೂರು ವಾರ ಆತು, ಒಂದು ಉಂಡಿ ಮುಟ್ಟವಲ್ಲಳು. ಫೋನ್‌ನ್ಯಾಗ ಏನೋ ನೋಡ್ಯಾಳ. ಹಾಲು ಎಲ್ಲಿಂದ ಬರಬೇಕು?" ಎಂದು ದೊಡ್ಡವ್ವ ಗೊಣಗಿದಳು. ಒಳಗಿನಿಂದ ಉತ್ತರ ಬಂತು: "ಅತ್ತಿ, ನೀವೇ ಹೇಳ್ರಿ. ಹಡದ ಮ್ಯಾಲೆ ಅರವತ್ತು ಕೆಜಿ ಇದ್ದೆ. ಇವರು ತಿನಿಸಿ ತಿನಿಸಿ ಅರವತ್ತೆರಡೂವರೆ ಮಾಡ್ಯಾರ."

ಇಬ್ಬರಲ್ಲಿ ಯಾರು ಸರಿ? ಅದನ್ನು ಉಂಡಿಯೇ ಹೇಳಲಿ ಎಂದು ಮನೆಯಲ್ಲಿದ್ದ ಸಣ್ಣ ತೂಕದ ಯಂತ್ರ ತರಿಸಿದೆ.

ಅಂಟು ಹುರಿಯುವುದನ್ನು ನೋಡದವರಿಗೆ ಒಂದು ಮಾತು. ಕಾದ ತುಪ್ಪಕ್ಕೆ ನಾಲ್ಕೇ ಹರಳು ಬಿಟ್ಟರೆ ಅವು ಅರಳಿನಂತೆ ಉಬ್ಬಿ ಬೆಳ್ಳಗಾಗುತ್ತವೆ. ಅವಸರಕ್ಕೆ ಮುಷ್ಟಿ ತುಂಬ ಸುರಿದರೆ ಹೊರಗೆ ಅರಳಿ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತವೆ. ಒಂದು ಹರಳು ತೆಗೆದು ಒತ್ತಿದರೆ ಪುಡಿಯಾಗಬೇಕು, ಅದೇ ಪರೀಕ್ಷೆ. ಈ ಅಂಟು ಜಾಲಿ ಗಿಡದ್ದೂ ಇರಬಹುದು, ದಿಂಡಿಗದ್ದೂ ಇರಬಹುದು. ಬಾಣಂತಿಯ ಸಡಿಲಾದ ಸೊಂಟವನ್ನು ಇದು ಅಂಟಿಸಿ ಗಟ್ಟಿ ಮಾಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೆಸರು ಕೇಳಿಯೇ ಹುಟ್ಟಿದ ನಂಬಿಕೆ ಎಂದು ನನ್ನ ಗುಮಾನಿ. ಅಂಟು ಬಹುಪಾಲು ನಾರು. ಹೊಟ್ಟೆಯಲ್ಲಿ ಪೂರ್ತಿ ಕರಗದೆ ಕರುಳಿಗೆ ಇಳಿಯುತ್ತದೆ. ಮಲಬದ್ಧತೆಯಿಂದ ನರಳುವ ಬಾಣಂತಿಗೆ ಅಷ್ಟು ಉಪಕಾರ ಮಾಡಬಹುದು, ಸೊಂಟದ ಎಲುಬಿನ ತನಕ ಹೋಗುವುದಿಲ್ಲ.

ದೊಡ್ಡವ್ವನ ಅಳತೆ ಪಾವು, ಸೇರು, ಮುಷ್ಟಿಯದು. ಎಲ್ಲ ತೂಗಿ ಬರೆದುಕೊಂಡೆ: ಬೆಲ್ಲ ಅರ್ಧ ಕಿಲೋ, ತುಪ್ಪ, ಒಣಕೊಬ್ಬರಿ, ಉತ್ತತ್ತಿ ಕಾಲು ಕಾಲು ಕಿಲೋ, ಬಾದಾಮಿ ನೂರು ಗ್ರಾಂ, ಅಂಟು ನೂರು ಗ್ರಾಂ, ಗಸಗಸಿ ಐವತ್ತು. ಒಣಶುಂಠಿ, ಜಾಜಿಕಾಯಿ ಲೆಕ್ಕಕ್ಕಿಲ್ಲ. ಒಟ್ಟು ಒಂದೂವರೆ ಕಿಲೋ. ತುಪ್ಪದಿಂದ ಸುಮಾರು 2,250 ಕ್ಯಾಲೊರಿ, ಬೆಲ್ಲದಿಂದ 1,850, ಕೊಬ್ಬರಿಯಿಂದ 1,650, ಉಳಿದ ಎಲ್ಲದರಿಂದ ಇನ್ನೊಂದು 1,750. ಕೂಡಿಸಿದರೆ 7,500. ಗ್ರಾಮಿಗೆ ಐದು ಕ್ಯಾಲೊರಿ! ದೊಡ್ಡವ್ವ ಕಟ್ಟಿದ ಉಂಡಿ ಅರವತ್ತು ಗ್ರಾಂ ತೂಗಿತು, ಅಂದರೆ 300 ಕ್ಯಾಲೊರಿ. ಬಾಣಂತಿಗೆ ದಿನಕ್ಕೆ ಎರಡು ಎಂಬುದು ಆಕೆಯ ಅತ್ತೆಯ ಕಾಲದಿಂದ ಬಂದ ನೇಮ. ಎರಡಕ್ಕೆ 600.

ಈ 600 ನೋಡಿ ನನಗೆ ರೋಮಾಂಚನವಾಯಿತು, ಇವತ್ತಿಗೂ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಲ್ಲಿ, ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಹೆಚ್ಚುವರಿಯಾಗಿ ಬೇಕೆಂದು ಹೇಳಿರುವುದು ಸರಿಯಾಗಿ 600 ಕ್ಯಾಲೊರಿ. ಆಮೇಲಿನ ಆರು ತಿಂಗಳಿಗೆ 520. ಆ ಪಟ್ಟಿ ಮಾಡಿದ ಹೈದರಾಬಾದಿನ ವಿಜ್ಞಾನಿಗಳೂ ನಮ್ಮ ದೊಡ್ಡವ್ವನ ಅತ್ತೆಯೂ ಬೇರೆ ಬೇರೆ ದಾರಿಯಿಂದ ಒಂದೇ ಕಟ್ಟೆಗೆ ಬಂದು ಕೂತಿದ್ದಾರೆ.

ಹಾಗಾದರೆ ಎರಡೂವರೆ ಕಿಲೋ ಏರಿದ್ದು ಎಲ್ಲಿಂದ? ಉಂಡಿಯ ಜೊತೆಗೆ ಬಂದದ್ದರಿಂದ. ಬೆಳಗ್ಗೆ ಒಂದು ಬಟ್ಟಲು ಅಳ್ವಿ ಪಾಯಸ, ಅನ್ನದ ಮೇಲೆ ಎರಡೂ ಹೊತ್ತು ಎರಡೆರಡು ದೊಡ್ಡ ಚಮಚ ತುಪ್ಪ. ಇದೇ ಇನ್ನೊಂದು ಏಳುನೂರು ಕ್ಯಾಲೊರಿ. ದೊಡ್ಡವ್ವನ ಅತ್ತೆಯ ಕಾಲದಲ್ಲಿ ಬಾಣಂತಿ ಎದ್ದ ಮೇಲೆ ಹೊಲಕ್ಕೆ ಹೋಗುತ್ತಿದ್ದಳು, ಬೀಸುಕಲ್ಲಿಗೆ ಕೂರುತ್ತಿದ್ದಳು. ನಮ್ಮ ಹುಡುಗಿ ಹೊರಸಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಹೊರಸಿಗೆ. ಅಳ್ವಿ ಹಾಲು ಹೆಚ್ಚಿಸುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಕಡಿಮೆ. ಹಾಲು ಹೆಚ್ಚುವುದು ಕೂಸು ಮೇಲಿಂದ ಮೇಲೆ ಕುಡಿದು ಎದೆ ಖಾಲಿ ಮಾಡುವುದರಿಂದ.

ಅಂದರೆ ದೂರು ಕೊಟ್ಟ ಮೊಮ್ಮಗಳು ಸರಿ. ಆದರೆ ಆಕೆ ಹುಡುಕಿಕೊಂಡ ಪರಿಹಾರ ಅದಕ್ಕಿಂತ ಕೆಟ್ಟದ್ದು. ಮೂರು ವಾರದಿಂದ ಮುಂಜಾನೆ ಬಿಸಿನೀರಿಗೆ ಜೇನುತುಪ್ಪ, ಮಧ್ಯಾಹ್ನ ಒಂದು ರೊಟ್ಟಿ ಪಲ್ಯ, ಸಂಜೆ ಸೌತೆಕಾಯಿ, ರಾತ್ರಿ ಒಂದು ರೊಟ್ಟಿ ಮಜ್ಜಿಗೆ. ಅರವತ್ತು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ ಇನ್ನೂರು ಕ್ಯಾಲೊರಿ ಹಿಡಿದರೂ ದಿನದ ಒಟ್ಟು ಸಾವಿರ ಮುಟ್ಟುತ್ತಿರಲಿಲ್ಲ. ತಾಯಿಯ ಹಾಲು ದಿನಕ್ಕೆ ಮುಕ್ಕಾಲು ಲೀಟರು ಎಂದರೆ ಅದರಲ್ಲೇ ಐದುನೂರು ಕ್ಯಾಲೊರಿ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಆಕೆ ಬದುಕಬೇಕು, ರಾತ್ರಿ ಮೂರು ಸಲ ಏಳಬೇಕು.

ಕೂಸು ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಕೇಳಿದೆ. ಮೊದಲು ಏಳೆಂಟು ಬಟ್ಟೆ ಆಗುತ್ತಿದ್ದವು, ಈಗ ನಾಲ್ಕೈದು ಅಂದಳು. ತಾಯಿ ಕಾರ್ಡು ತೆಗೆದು ನೋಡಿದೆವು. ಮೊದಲ ಮೂರು ತಿಂಗಳು ಕೂಸಿನ ತೂಕ ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಬೇಕು. ಕೊನೆಯ ಮೂರು ವಾರದಲ್ಲಿ ಏರಿದ್ದು ಒಟ್ಟು ಇನ್ನೂರೈವತ್ತು, ದಿನಕ್ಕೆ ಹನ್ನೆರಡು ಗ್ರಾಂ. ದಿನಕ್ಕೆ ಆರು ಒದ್ದೆ ಬಟ್ಟೆಗಿಂತ ಕಡಿಮೆ, ಜೊತೆಗೆ ತೂಕದ ಗೆರೆ ಬಾಗಿದ್ದು: ಎರಡೂ ಸೇರಿದರೆ ತಡಮಾಡಬಾರದು. ಅವತ್ತೇ ಸಂಜೆ ಬೈಲಹೊಂಗಲದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಕೂಸಿಗೆ ಬೇರೆ ರೋಗವಿಲ್ಲ, ತಾಯಿಗೆ ಊಟ ಹಾಕಿ, ಮೇಲಿಂದ ಮೇಲೆ ಹಾಲು ಕುಡಿಸಿ, ವಾರಕ್ಕೊಮ್ಮೆ ತೂಗಿಸಿ ಎಂದರು.

ಹಾಗಾದರೆ ಮೈ ಇಳಿಸುವುದೇ ಬೇಡವೇ? ಬೇಕು, ಆದರೆ ಅದಕ್ಕೊಂದು ನೆಲವಿದೆ. ಹಾಲೂಡಿಸುವಾಗ ದಿನದ ಊಟ 1,800 ಕ್ಯಾಲೊರಿಗಿಂತ ಕೆಳಗಿಳಿಯಬಾರದು ಎಂಬುದು ಸಾಮಾನ್ಯವಾಗಿ ಕೊಡುವ ಎಚ್ಚರಿಕೆ. ಮನೆಯಲ್ಲೇ ಇರುವ ಹೆಂಗಸಿಗೆ ಸಂಶೋಧನಾ ಮಂಡಳಿಯ ಅದೇ ಪಟ್ಟಿ ಹೇಳುವುದು 1,660. ಅದಕ್ಕೆ 600 ಸೇರಿಸಿದರೆ 2,260. ಅದರಿಂದ ಮುನ್ನೂರೈವತ್ತು ಕಡಿಮೆ ಮಾಡಿ 1,900ರ ಸುತ್ತ ನಿಲ್ಲಿಸಿದೆವು. ದೊಡ್ಡವ್ವನ ಜೊತೆ ಚೌಕಾಶಿ ಮಾಡಿ ಎರಡು ಉಂಡಿಯಲ್ಲಿ ಒಂದನ್ನು ಉಳಿಸಿಕೊಂಡೆವು. ಇನ್ನೊಂದರ ಜಾಗಕ್ಕೆ ಒಂದು ಮೊಟ್ಟೆ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ ಬಂದವು, ಏಕೆಂದರೆ ಉಂಡಿಯಲ್ಲಿ ಶಕ್ತಿ ಇದ್ದಷ್ಟು ಪ್ರೋಟೀನ್ ಇಲ್ಲ. ಪಾಯಸ ವಾರಕ್ಕೆರಡು ಸಲ, ತುಪ್ಪ ದಿನಕ್ಕೊಂದು ಚಮಚ. ದೊಡ್ಡವ್ವ ಎರಡು ದಿನ ಮಾತು ಬಿಟ್ಟಳಂತೆ.

ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಬೇಕು. ದಿನಕ್ಕೆ ಮುನ್ನೂರೈವತ್ತರ ಲೆಕ್ಕದಲ್ಲಿ ಮೂರು ವಾರಕ್ಕೊಂದು ಕಿಲೋ, ಅದೂ ಎಲ್ಲ ಸರಿ ಹೋದರೆ. ಇದಕ್ಕಿಂತ ಜೋರಾಗಿ ಹೋಗಬಹುದೇ? ಅಮೆರಿಕದಲ್ಲಿ ಹೆಚ್ಚು ತೂಕದ ನಲವತ್ತು ಬಾಣಂತಿಯರ ಮೇಲೆ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ನಾಲ್ಕನೇ ವಾರದಿಂದ ಹತ್ತು ವಾರ ಒಂದು ಗುಂಪಿಗೆ ಊಟದಲ್ಲಿ ಐದುನೂರು ಕ್ಯಾಲೊರಿ ಕಡಿತ, ಜೊತೆಗೆ ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ವ್ಯಾಯಾಮ. ಅವರು ವಾರಕ್ಕೆ ಅರ್ಧ ಕಿಲೋದಂತೆ ಇಳಿದರು, ಮಕ್ಕಳ ಬೆಳವಣಿಗೆಗೆ ಏನೂ ಆಗಲಿಲ್ಲ. ಆದ್ದರಿಂದ ವಾರಕ್ಕೆ ಅರ್ಧ ಕಿಲೋ ಎಂಬುದು ಮೇಲಿನ ಗಡಿ. ಅವರು ಮೊದಲೇ ಭಾರವಿದ್ದವರು ಎಂಬುದನ್ನು ಮರೆಯಬಾರದು. ಐವತ್ತನಾಲ್ಕು ಕಿಲೋದಿಂದ ಬಸಿರಾದ ನಮ್ಮ ಹುಡುಗಿಗೆ ಅಷ್ಟು ಅವಸರ ಸಲ್ಲ.

ನಡೆದರೆ ಹಾಲು ಒಣಗುತ್ತದೆ ಎಂಬ ಮಾತೂ ನಮ್ಮಲ್ಲಿದೆ. ಒಣಗುವುದಿಲ್ಲ. ಮೈ ಒಣಗಿಸುವುದೇನಾದರೂ ಇದ್ದರೆ ಅಗ್ಗಿಷ್ಟಿಗೆ. ಕಿತ್ತೂರಿನ ಜಿಟಿಜಿಟಿ ಮಳೆಗೆ ಹೊರಸಿನ ಕೆಳಗೆ ಕೆಂಡ ಇಡುವುದು ನನಗೆ ಅರ್ಥವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ರಾಮದುರ್ಗದಲ್ಲಿ ಕಿಟಕಿ ಮುಚ್ಚಿ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನೀರನ್ನೂ ಅಳೆದು ಕೊಟ್ಟು, ಕೆಂಡ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಣಂತಿ ಬಾಯಾರಿದಷ್ಟು ಕುಡಿಯಬೇಕು.

ಹೊಟ್ಟೆಗೆ ಬಿಗಿಯಾಗಿ ಸೀರೆ ಕಟ್ಟುವುದು ಇನ್ನೊಂದು. ಹಗುರ ಆಧಾರಕ್ಕೆ ಕಟ್ಟಿದರೆ ಬೆನ್ನಿಗೆ ಹಾಯೆನಿಸುತ್ತದೆ. ಉಸಿರು ಕಟ್ಟುವಂತೆ ಬಿಗಿದರೆ ಒಳಗಿನ ಒತ್ತಡ ಕೆಳಕ್ಕೆ ಹೋಗುತ್ತದೆ. ಅಲ್ಲಿ, ಗರ್ಭಕೋಶ, ಮೂತ್ರಕೋಶಗಳನ್ನು ಜೋಳಿಗೆಯಂತೆ ಹೊತ್ತ ಸ್ನಾಯುಗಳು ಹೆರಿಗೆಯಲ್ಲಿ ಮೊದಲೇ ಜಗ್ಗಿ ಸೋತಿರುತ್ತವೆ. ಸೊಂಟಕ್ಕೆ ನಿಜವಾಗಿ ಬೇಕಾದ ಅಂಟು ಈ ಸ್ನಾಯುಗಳೇ. ನಮ್ಮ ಹುಡುಗಿಗೆ ಕೆಮ್ಮಿದರೆ, ನಕ್ಕರೆ ಒಂದೆರಡು ಹನಿ ಉಚ್ಚೆ ಹೋಗುತ್ತಿತ್ತು. ತನ್ನ ಅವ್ವನಿಗೂ ಹೇಳಿರಲಿಲ್ಲ. ಡಾಕ್ಟರು ಹೇಳಿಕೊಟ್ಟದ್ದು ಇಷ್ಟು: ಗಾಳಿಯನ್ನೂ ಉಚ್ಚೆಯನ್ನೂ ಒಟ್ಟಿಗೆ ತಡೆಯುವಂತೆ ಒಳಕ್ಕೆ, ಮೇಲಕ್ಕೆ ಬಿಗಿಹಿಡಿದು ಐದು ಎಣಿಸಬೇಕು, ಪೂರ್ತಿ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಕುಂಡಿ ಬಿಗಿಯಬಾರದು. ಹಾಲು ಕುಡಿಸುವಾಗಲೇ ಮಾಡಬಹುದು. ಉಚ್ಚೆ ಹೊಯ್ಯುವಾಗ ನಡುವೆ ತಡೆದು ಮಾಡಬಾರದು.

ಹೊಟ್ಟೆಯ ಮಧ್ಯದ ಗೆರೆ ಬಿಟ್ಟುಕೊಂಡಿದೆಯೇ ಎಂದು ನೋಡುವುದೂ ಸುಲಭ. ಮೊಳಕಾಲು ಮಡಚಿ ಅಂಗಾತ ಮಲಗಿ, ತಲೆಯನ್ನಷ್ಟೇ ಎತ್ತಿ, ಹೊಕ್ಕಳ ಹತ್ತಿರ ಬೆರಳು ಅಡ್ಡಕ್ಕೆ ಇಡಬೇಕು. ಎರಡಕ್ಕಿಂತ ಹೆಚ್ಚು ಬೆರಳು ಇಳಿದರೆ ಫೋನಿನಲ್ಲಿ ತೋರಿಸುವ ಹೊಟ್ಟೆಯ ಕಸರತ್ತು ಸದ್ಯಕ್ಕೆ ಬೇಡ. ಆಕೆಗೆ ಮೂರು ಇಳಿದವು. ಆದ್ದರಿಂದ ನಡಿಗೆಯೇ ವ್ಯಾಯಾಮವಾಯಿತು. ಮೊದಲು ಹತ್ತು ನಿಮಿಷ, ವಾರಕ್ಕೆ ಐದು ನಿಮಿಷ ಏರಿಸುತ್ತ ನಲವತ್ತರ ತನಕ, ಅದೂ ಹಾಲು ಕುಡಿಸಿ ಎದೆ ಹಗುರಾದ ಮೇಲೆ. ಹಸಿ ಬಾಣಂತಿಗೆ ಒಂದು ಗುರುತಿದೆ: ತಿಳಿಯಾಗುತ್ತಿದ್ದ ಸ್ರಾವ ನಡೆದ ಮರುದಿನ ಮತ್ತೆ ಕೆಂಪಾದರೆ ನಡೆದದ್ದು ಹೆಚ್ಚಾಯಿತು ಎಂದು.

ಸವದತ್ತಿ ತಾಲ್ಲೂಕಿನ ನನ್ನ ಪರಿಚಯದವರೊಬ್ಬರು ಹಡೆದ ಮೂರನೇ ವಾರಕ್ಕೆ ತುಂಬಿದ ಕೊಡ ಹೊತ್ತವರು. ಸಂಜೆಯಾದರೆ ಕೆಳಗೆ ಏನೋ ಜಾರಿದಂತೆ ಭಾರ ಎನ್ನುತ್ತಿದ್ದರು, ನಾಚಿಕೆಯಿಂದ ಆರು ವರ್ಷ ಯಾರಿಗೂ ಹೇಳಲಿಲ್ಲ. ಈಗ ಗರ್ಭಕೋಶ ಜಾರದಂತೆ ಡಾಕ್ಟರು ರಿಂಗ್ ಹಾಕಿದ್ದಾರೆ. ಮೊದಲ ಆರು ವಾರ ಕೂಸಿಗಿಂತ ಭಾರವಾದ ಏನನ್ನೂ ಎತ್ತಬಾರದು. ಸಿಜೇರಿಯನ್ ಆದವರಿಗಂತೂ ಇದು ಕಟ್ಟಪ್ಪಣೆ.

ಸರ್ಕಾರದ ಲೆಕ್ಕವೂ ಒಂದಿದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಬಾಣಂತಿ ಹೊಸಿಲು ದಾಟಬಾರದು ಎನ್ನುವ ಊರಲ್ಲಿ ಅಂಗನವಾಡಿಗೆ ಬಂದು ಉಣ್ಣು ಎಂದರೆ ಯಾರು ಬರುತ್ತಾರೆ ಎಂದು ಆಗ ನಾನೂ ನಕ್ಕಿದ್ದೆ. ನಮ್ಮ ಹುಡುಗಿ ನಾಲ್ಕನೇ ತಿಂಗಳಿಂದ ಹೋದಳು. ಹೋಗಿ ಬರುವುದೇ ಅರ್ಧ ಗಂಟೆಯ ನಡಿಗೆ.

ಹೋದ ತಿಂಗಳು ಗಂಡನ ಮನೆಯಿಂದ ಬಂದಿದ್ದಳು. ಕೂಸಿಗೆ ಹತ್ತು ತಿಂಗಳು, ರೊಟ್ಟಿಯ ಚೂರು ಚೀಪುತ್ತದೆ, ಹಾಲೂ ಕುಡಿಯುತ್ತದೆ. ಹನಿ ಉಚ್ಚೆ ಹೋಗುವುದು ಐದನೇ ತಿಂಗಳಿಗೆ ನಿಂತಿತಂತೆ. ಹೊಟ್ಟೆಯ ಗೆರೆಯಲ್ಲಿ ಈಗ ಒಂದೂವರೆ ಬೆರಳು. ತೂಕ ಐವತ್ತೇಳು. ನಡುವೆ ಒಂದೂವರೆ ತಿಂಗಳು ಮುಳ್ಳು ಅಲುಗಿರಲೇ ಇಲ್ಲ. ಮದುವೆಯ ರವಿಕೆ ಇನ್ನೂ ಹಿಡಿಯುತ್ತದೆ. ಸದ್ಯಕ್ಕೆ ಎರಡೂ ಬದಿ ಒಂದೊಂದು ಹೊಲಿಗೆ ಬಿಚ್ಚಿಸಿಕೊಂಡಿದ್ದಾಳೆ.