ಸಕ್ಕರೆ ಇದ್ದವರ ಪಾಲಿಸಿಗೆ ಬೆಲೆ ಕಟ್ಟುವುದು ಹೀಗೆ

“ಸಕ್ಕರೆ ವಿಷಯ ಬರೆಯೋದು ಬೇಡ ಸಾರ್, ಸುಮ್ಮನೆ ಟೆಸ್ಟ್ ಬೀಳುತ್ತೆ, ಪ್ರೀಮಿಯಂ ಏರುತ್ತೆ.” ಐವತ್ತರ ಆಸುಪಾಸಿನಲ್ಲಿ ಆರೋಗ್ಯ ವಿಮೆ ಮಾಡಿಸಲು ಹೊರಟ ಅನೇಕರು ಈ ಮಾತನ್ನು ಏಜೆಂಟರಿಂದಲೋ ನೆಂಟರಿಂದಲೋ ಕೇಳಿರುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮುಂದೆ ಕ್ಲೇಮು ಕೈಕೊಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಸಿಗುವುದು ಕಷ್ಟ.

ಪಾಲಿಸಿ ಕೊಡುವ ಮುನ್ನ ಕಂಪನಿಯು ತಪಾಸಣೆ ಕೇಳುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು: ವಯಸ್ಸು, ವಿಮಾ ಮೊತ್ತ, ಅರ್ಜಿಯಲ್ಲಿ ಬರೆದ ಕಾಯಿಲೆ. ಎಷ್ಟನೇ ವಯಸ್ಸಿಗೆ ತಪಾಸಣೆ ಕಡ್ಡಾಯ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮೊದಲು ಕಂಪನಿಯ ಪರವಾಗಿ ವೈದ್ಯರೊಬ್ಬರು ಫೋನ್ ಮಾಡಿ ಮಾತ್ರೆ, ಆಪರೇಷನ್, ಮನೆತನದ ಕಾಯಿಲೆ, ಬೀಡಿ ಸಿಗರೇಟಿನ ಬಗ್ಗೆ ವಿಚಾರಿಸುತ್ತಾರೆ. ಈ ಮಾತುಕತೆ ರೆಕಾರ್ಡ್ ಆಗುತ್ತದೆ. ಬೇಕೆನಿಸಿದರೆ ಕಂಪನಿ ಸೂಚಿಸಿದ ಲ್ಯಾಬಿಗೆ ಹೋಗಬೇಕು, ಇಲ್ಲವೇ ಲ್ಯಾಬಿನವರೇ ಮನೆಗೆ ಬಂದು ರಕ್ತ ತೆಗೆದುಕೊಳ್ಳುತ್ತಾರೆ. ತೂಕ, ಎತ್ತರ, ಬಿಪಿ, ಮೂತ್ರ, ಇಸಿಜಿ, ಕೊಲೆಸ್ಟ್ರಾಲ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಜೊತೆಗೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇವುಗಳಲ್ಲಿ ಸಾಮಾನ್ಯ.

ಕೊನೆಯದನ್ನು ತಿಳಿದಿರಬೇಕು. ಹಿಂದಿನ ದಿನ ಅನ್ನ ಬಿಟ್ಟು, ಸಿಹಿ ಬಿಟ್ಟು ಹೋದರೆ ಖಾಲಿ ಹೊಟ್ಟೆಯ ಸಕ್ಕರೆ ಕೊಂಚ ಇಳಿದು ಕಾಣಬಹುದು. ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು. ಒಂದು ದಿನದ ಪಥ್ಯ ಅದನ್ನು ಬದಲಿಸದು. ಬಿಪಿಯದು ಇದಕ್ಕೆ ತಿರುಗುಮುರುಗು. ಮಾತ್ರೆ ನುಂಗುವವರ ಬಿಪಿ ಲ್ಯಾಬಿನಲ್ಲಿ 120/80 ಬರಬಹುದು, ಏಕೆಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ವರದಿ ಚೆನ್ನಾಗಿದೆಯೆಂದು ಅರ್ಜಿಯಲ್ಲಿ “ಬಿಪಿ ಇಲ್ಲ” ಎಂದು ಬರೆದರೆ ಅದು ಮುಚ್ಚಿಟ್ಟಂತೆಯೇ. ಮುಂದೊಂದು ದಿನ ಆಸ್ಪತ್ರೆ ಸೇರಿದಾಗ ಡ್ಯೂಟಿ ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲೇ “ಬಿಪಿ, ಶುಗರ್ ಎಷ್ಟು ವರ್ಷದಿಂದ?” ಎಂಬುದೂ ಇರುತ್ತದೆ. ಗಾಬರಿಯಲ್ಲಿರುವ ಮನೆಯವರು “ಎಂಟು ವರ್ಷ ಆಯ್ತು” ಎನ್ನುತ್ತಾರೆ, ಅದು ಕೇಸ್ ಶೀಟಿಗೆ ಇಳಿಯುತ್ತದೆ. ಕ್ಲೇಮು ಪರಿಶೀಲಿಸುವವರು ಹುಡುಕುವುದು ಆ ಸಾಲನ್ನೇ.

ತಪಾಸಣೆಯಾದ ಮೇಲೆ ಕಂಪನಿ ಅರ್ಜಿಯನ್ನು ಹಾಗೆಯೇ ಒಪ್ಪಬಹುದು, ತಳ್ಳಿಹಾಕಬಹುದು, ಇಲ್ಲವೇ ಹೆಚ್ಚು ಪ್ರೀಮಿಯಂ ಕೊಟ್ಟರೆ ಒಪ್ಪುತ್ತೇವೆ ಎನ್ನಬಹುದು. ಈ ಹೆಚ್ಚುವರಿಗೇ ಲೋಡಿಂಗ್ ಎನ್ನುವುದು. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ದಾವಣಗೆರೆಯ ಅಂಗಡಿ ಮಾಲೀಕರೊಬ್ಬರಿಗೆ 53 ವರ್ಷ. ಸಕ್ಕರೆಗೂ ಬಿಪಿಗೂ ಮಾತ್ರೆ ಇದೆ. 10 ಲಕ್ಷದ ಪಾಲಿಸಿಗೆ ಅವರ ವಯಸ್ಸಿನವರ ಮೂಲ ಪ್ರೀಮಿಯಂ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಕಂಪನಿ ಸಕ್ಕರೆಗೆ ಶೇ. 20, ಬಿಪಿಗೆ ಶೇ. 10 ಲೋಡಿಂಗ್ ಹಾಕಿದರೆ ಅವರು ಕಟ್ಟಬೇಕಾದದ್ದು 26,000.

ಆ 6,000 ಒಂದು ಸಲದ ದಂಡವಲ್ಲ. ಲೋಡಿಂಗ್ ಶೇಕಡಾವಾರು ಇರುವುದರಿಂದ ನವೀಕರಣವಾದಂತೆಲ್ಲ ಮುಂದುವರಿಯುತ್ತದೆ, ಮೂಲ ಪ್ರೀಮಿಯಂ ಏರಿದಾಗ ಅದೂ ಏರುತ್ತದೆ. ಕೆಲವು ವರ್ಷಗಳ ಮೇಲೆ ಮೂಲ ಪ್ರೀಮಿಯಂ 28,000 ಆದರೆ ಲೋಡಿಂಗ್ 8,400 ಆಗುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಪಾಲಿಸಿಯಲ್ಲಿದ್ದರೆ ಲೋಡಿಂಗ್ ಇಡೀ ಪ್ರೀಮಿಯಂ ಮೇಲೋ ಕಾಯಿಲೆ ಇರುವವರ ಪಾಲಿನ ಮೇಲೋ ಎಂದು ಕೇಳಿ ತಿಳಿಯಬೇಕು. ಒಂದು ರಕ್ಷಣೆಯಂತೂ ನಿಯಮದಲ್ಲೇ ಇದೆ: ಒಂದು ವರ್ಷ ಕ್ಲೇಮು ಮಾಡಿದರು ಎಂಬ ಕಾರಣಕ್ಕೆ ಆ ವ್ಯಕ್ತಿಯೊಬ್ಬರಿಗೇ ನವೀಕರಣದಲ್ಲಿ ಹೊಸದಾಗಿ ಲೋಡಿಂಗ್ ಹೇರುವಂತಿಲ್ಲ.

ಲೋಡಿಂಗ್ ಹಾಕುವಾಗ ಕಂಪನಿ ಗ್ರಾಹಕರ ಒಪ್ಪಿಗೆ ಕೇಳುತ್ತದೆ, ಸಾಮಾನ್ಯವಾಗಿ ಇಮೇಲ್ ಅಥವಾ ಮೊಬೈಲಿಗೆ ಬರುವ ಲಿಂಕಿನ ಮೂಲಕ. ಏಜೆಂಟರು “ಒಟಿಪಿ ಹೇಳಿ” ಎಂದಾಗ ಹೇಳಿಬಿಡುವವರೇ ಹೆಚ್ಚು. ಇಲ್ಲಿ ಒಂದು ದಿನ ನಿಂತು ಓದಿದರೆ ನಷ್ಟವಿಲ್ಲ. ಯಾವ ಕಾಯಿಲೆಗೆ ಎಷ್ಟು ಲೋಡಿಂಗ್, ಯಾವುದಕ್ಕೆ ಎಷ್ಟು ಕಾಯಬೇಕು ಎಂಬುದು ಆ ಪತ್ರದಲ್ಲಿ ಇರಬೇಕು.

ಕಾಯುವ ಮಾತು ಬಂದದ್ದು ಯಾಕೆಂದರೆ, ಹೆಚ್ಚು ದುಡ್ಡು ಕೊಟ್ಟಿದ್ದೇವೆ, ಸಕ್ಕರೆ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಸಿಕ್ಕಿತು ಎಂದು ಬಹಳ ಜನ ನಂಬಿದ್ದಾರೆ. ಲೋಡಿಂಗೇ ಬೇರೆ, ಕಾಯುವ ಅವಧಿಯೇ ಬೇರೆ. ಎರಡೂ ಒಟ್ಟಿಗೆ ಬರಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ನಮ್ಮ ದಾವಣಗೆರೆಯ ಅಂಗಡಿ ಮಾಲೀಕರ ಪಾಲಿಸಿಯಲ್ಲಿ ಪೂರ್ತಿ ಮೂರು ವರ್ಷ ಹಾಕಿದ್ದರೆ, ಎರಡನೇ ವರ್ಷ ಡೆಂಗಿಯಿಂದ ಆಸ್ಪತ್ರೆ ಸೇರಿದಾಗ ಹಣ ಸಿಗುತ್ತದೆ. ಅದೇ ವರ್ಷ ಸಕ್ಕರೆಯಿಂದ ಕಾಲಿನ ಗಾಯ ಕೊಳೆತು ಸೇರಿದರೆ, ಲೋಡಿಂಗ್ ಕಟ್ಟುತ್ತಿದ್ದರೂ, ಸಿಗುವುದಿಲ್ಲ. ಕೆಲವು ಕಂಪನಿಗಳು ಇನ್ನಷ್ಟು ಹಣಕ್ಕೆ ಈ ಅವಧಿಯನ್ನು ಕಡಿಮೆ ಮಾಡುವ ಸೌಲಭ್ಯ ಕೊಡುತ್ತವೆ. ಸಕ್ಕರೆ ಇರುವವರು ಪಾಲಿಸಿಗಳನ್ನು ಹೋಲಿಸುವಾಗ ಲೋಡಿಂಗಿನಷ್ಟೇ ಇದನ್ನೂ ತೂಗಬೇಕು.

ಹಾಗಾದರೆ ಸತ್ಯ ಬರೆದು ಹೆಚ್ಚು ಕಟ್ಟಿದವರಿಗೆ ಏನು ಲಾಭ? ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಕಾಣುತ್ತದೆ. 2009ರ ತೀರ್ಪಿನ ಪ್ರಕರಣದಲ್ಲಿ, ಮೆಡಿಕ್ಲೇಮ್ ಪಾಲಿಸಿ ಮಾಡಿಸಿದವರು ತಮ್ಮ ಸಕ್ಕರೆ ಕಾಯಿಲೆಯನ್ನೂ ಕಿಡ್ನಿ ತೊಂದರೆಯನ್ನೂ ಹೇಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಕಂಪನಿ ಕ್ಲೇಮು ನಿರಾಕರಿಸಿತು, ಕೋರ್ಟು ಕಂಪನಿಯ ಮಾತನ್ನೇ ಎತ್ತಿಹಿಡಿಯಿತು. ಇನ್ನೊಂದು 2021ರ ಡಿಸೆಂಬರಿನದು. ಅಮೆರಿಕಕ್ಕೆ ಹೊರಟವರೊಬ್ಬರು ಪ್ರವಾಸದ ಮೆಡಿಕ್ಲೇಮ್ ತೆಗೆದುಕೊಂಡಿದ್ದರು. ಮುನ್ನ ನಡೆದ ತಪಾಸಣೆಯಲ್ಲಿ ಸಕ್ಕರೆ ಇರುವುದು ದಾಖಲಾಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋ ಮುಟ್ಟಿದೊಡನೆ ಹೃದಯದ ತೊಂದರೆಯಾಗಿ ಮೂರು ಸ್ಟೆಂಟ್ ಹಾಕಬೇಕಾಯಿತು. ಹಳೆಯ ಕಾಯಿಲೆ ಎಂದು ಕಂಪನಿ ಕೈಚೆಲ್ಲಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಆರೋಗ್ಯದ ಸ್ಥಿತಿ ತಿಳಿದೇ ಪಾಲಿಸಿ ಕೊಟ್ಟ ಕಂಪನಿ ಅದೇ ಸ್ಥಿತಿಯನ್ನು ಮುಂದೊಡ್ಡಿ ಹಣ ನಿರಾಕರಿಸುವಂತಿಲ್ಲ ಎಂದಿತು. ತಪಾಸಣೆಯ ವರದಿ ಗ್ರಾಹಕರ ಪರವಾದ ಸಾಕ್ಷಿಯೂ ಆಗುತ್ತದೆ ಎಂಬುದಕ್ಕೆ ಇದು ಗಟ್ಟಿ ಆಧಾರ. ಆದ್ದರಿಂದ ವರದಿಯ ಪ್ರತಿ ಕೇಳಿ ಪಡೆದು, ಅರ್ಜಿಯ ಪ್ರತಿಯೊಂದಿಗೆ ಜೋಪಾನವಾಗಿಡಬೇಕು. ಅಂದಹಾಗೆ, ಐದು ವರ್ಷ ಪಾಲಿಸಿ ಸತತವಾಗಿ ನಡೆದರೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟರು ಎಂಬ ಕಾರಣಕ್ಕೆ ಕ್ಲೇಮು ಪ್ರಶ್ನಿಸುವಂತಿಲ್ಲ.

ಇನ್ನು ಟೆಸ್ಟಿನ ದುಡ್ಡು. ಒಂದು ವರ್ಷದ ಪಾಲಿಸಿಗಳಲ್ಲಿ ತಪಾಸಣೆಯ ಖರ್ಚನ್ನು ಗ್ರಾಹಕರು ಭರಿಸಿದ್ದು ಅರ್ಜಿ ಒಪ್ಪಿಗೆಯಾದರೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕಂಪನಿಯೇ ಕೊಡಬೇಕೆಂದು 2016ರ ಆರೋಗ್ಯ ವಿಮಾ ನಿಯಮಗಳು ಹೇಳಿದ್ದವು. ಪ್ರವಾಸ ವಿಮೆಗೆ ಮಾತ್ರ ವಿನಾಯಿತಿ. ಎಷ್ಟೋ ಪಾಲಿಸಿಗಳ ವಿವರ ಪತ್ರದಲ್ಲಿ ಶೇ. 50 ಅಥವಾ ಶೇ. 100 ಎಂದು ಅಚ್ಚಾಗಿರುತ್ತದೆ. ಅಂಗಡಿ ಮಾಲೀಕರು ಟೆಸ್ಟಿಗೆ 3,200 ಕೊಟ್ಟಿದ್ದರೆ, ಶೇ. 50ರ ಲೆಕ್ಕದಲ್ಲಿ 1,600 ವಾಪಸ್ ಬರಬೇಕು. ಅದು ತಾನಾಗಿ ಖಾತೆಗೆ ಬೀಳದೆ ಹೋಗಬಹುದು. ಪಾಲಿಸಿ ಕೈಸೇರಿದ ಮೇಲೆ ಲ್ಯಾಬಿನ ರಸೀತಿ, ಪಾಲಿಸಿ ನಂಬರು, ಬ್ಯಾಂಕ್ ವಿವರ ಕೊಟ್ಟು ಬರಹದಲ್ಲಿ ಕೇಳಬೇಕು. ಕಂಪನಿ ಹೇಳದೆ ತಾವಾಗಿ ಬೇರೆ ಲ್ಯಾಬಿನಲ್ಲಿ ಮಾಡಿಸಿದ ಟೆಸ್ಟಿಗೆ ಹಣ ಸಿಗುವ ಸಂಭವ ಕಡಿಮೆ.

ಕಂಪನಿಯೇ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಿದ್ದು, ಗ್ರಾಹಕರು ಲೋಡಿಂಗ್ ಒಪ್ಪದೆ ಹಿಂದೆ ಸರಿದರೆ, ಕಟ್ಟಿದ ಪ್ರೀಮಿಯಂನಿಂದ ಆ ಖರ್ಚನ್ನು ಮುರಿದುಕೊಂಡು ಉಳಿದದ್ದನ್ನು ಮರಳಿಸುವುದುಂಟು. ಪಾಲಿಸಿ ಬಂದ ಮೇಲೆ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಿದರೂ ತಪಾಸಣೆಯ ಖರ್ಚು, ಸ್ಟಾಂಪ್ ಶುಲ್ಕ, ಕಳೆದ ದಿನಗಳ ಪ್ರೀಮಿಯಂ ಕಡಿತವಾಗುತ್ತದೆ. ಎಷ್ಟು ಕಡಿತವಾಯಿತು, ಯಾವುದಕ್ಕೆ ಎಂಬ ಲೆಕ್ಕವನ್ನು ಕಂಪನಿಯಿಂದ ಕೇಳಬಹುದು. ಒಪ್ಪುವ ಉತ್ತರ ಬರದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ಕೊಡಬಹುದು, ಅಲ್ಲಿಂದ ಮುಂದೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.